ಪಕ್ಷಿ ವೀಕ್ಷಣೆ ದಿನಕ್ಕೆ ಆಹ್ವಾನ ಪತ್ರಿಕೆ, ಅದಕ್ಕೆ ಬಂದ ಒಪ್ಪಿಗೆ

ಆಹ್ವಾನ ಪತ್ರಿಕೆ

ಶಿಂಷಾ ಪಬ್ಲಿಕ್ ಶಾಲೆ, ಮದ್ದೂರು

ಶಾಲೆಯ ಮುಖ್ಯೋಪಾಧ್ಯಾಯರು, ಶಿಕ್ಷಕರು ಮತ್ತು ವಿದ್ಯಾರ್ಥಿಗಳು

ಶ್ರೀ ಕೆ. ನಂಜುಂಡಯ್ಯ ಮತ್ತು ಶ್ರೀಮತಿ ಸಾವಿತ್ರಮ್ಮ ಅವರನ್ನು

ಪರಿಸರ ಕ್ಲಬ್‌ನ ಉದ್ಘಾಟನೆ ಹಾಗೂ ರಾಷ್ಟ್ರೀಯ ಪಕ್ಷಿ ವೀಕ್ಷಣೆ ದಿನದ ಕಾರ್ಯಕ್ರಮಕ್ಕೆ

ಆದರದಿಂದ ಆಹ್ವಾನಿಸುತ್ತಾರೆ.

ದಿನಾಂಕ: 12 ನವೆಂಬರ್ 2025, ಬುಧವಾರ
ಸಮಯ: ಬೆಳಿಗ್ಗೆ 10:30
ಸ್ಥಳ: ಶಾಲೆಯ ಸಭಾಂಗಣ

ನಿವೃತ್ತ ವಲಯ ಅರಣ್ಯಾಧಿಕಾರಿ ಶ್ರೀ ಕೆ. ನಂಜುಂಡಯ್ಯ ಅವರು
ಮುಖ್ಯ ಅತಿಥಿಗಳಾಗಿ ಉದ್ಘಾಟನೆ ನೆರವೇರಿಸಲು ಒಪ್ಪಬೇಕೆಂದು ಕೋರಲಾಗಿದೆ.

ಕಾರ್ಯಕ್ರಮದ ನಂತರ ಎಲ್ಲರಿಗೂ ಊಟದ ವ್ಯವಸ್ಥೆ ಇದೆ.

ದಯವಿಟ್ಟು ನವೆಂಬರ್ 3ರ ಒಳಗೆ ಉತ್ತರಿಸಿ:
ಚೈತ್ರಾ, ಕಾರ್ಯದರ್ಶಿ, ಪರಿಸರ ಕ್ಲಬ್
ಶಿಂಷಾ ಪಬ್ಲಿಕ್ ಶಾಲೆ, ಮದ್ದೂರು

ಕಾರ್ಡಿನ ಜೊತೆ ಇಟ್ಟ ಪತ್ರ

ಮದ್ದೂರು
24 ಅಕ್ಟೋಬರ್ 2025

ಮಾನ್ಯ ನಂಜುಂಡಯ್ಯ ಸರ್ ಅವರಿಗೆ,

ನಮಸ್ಕಾರಗಳು. ನಾನು ಚೈತ್ರಾ, ಹನ್ನೆರಡನೇ ತರಗತಿ. ಕಾರ್ಡನ್ನು ನಮ್ಮ ಕ್ಲಾಸಿನವರೇ ಬರೆದಿದ್ದೇವೆ. ಇಂಗ್ಲಿಷ್ ಪೇಪರಿನಲ್ಲಿ ಆಹ್ವಾನ ಪತ್ರಿಕೆ ಬರೆಯಿರಿ ಅಂತ ಕೇಳ್ತಾರಲ್ಲ ಸರ್, ಅದೇ ಕ್ರಮ. ನಾನು, ನೀವು ಅನ್ನೋದು ಎಲ್ಲೂ ಬರಬಾರದು, ಕರೆಯುವವರ ಹೆಸರು ಮೊದಲು, ಆಮೇಲೆ ಅತಿಥಿಗಳ ಹೆಸರು, ಯಾವ ಕಾರ್ಯಕ್ರಮ, ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಎಲ್ಲ ಒಂದೇ ಡಬ್ಬಿಯೊಳಗೆ, ಕೆಳಗೆ ಸಹಿ ಇರಬಾರದು, ಉತ್ತರ ಯಾರಿಗೆ ಕಳಿಸಬೇಕು ಅನ್ನೋದು ಮಾತ್ರ ಇರಬೇಕು. ಅಷ್ಟೂ ಮಾಡಿದ್ದೇವೆ. ಆದರೆ ಕಾರ್ಡಿನಲ್ಲಿ ನಿಮ್ಮನ್ನೇ ಯಾಕೆ ಕರೀತಿದ್ದೇವೆ ಅಂತ ಹೇಳೋಕೆ ಜಾಗವೇ ಇಲ್ಲ. ಅದಕ್ಕೆ ಈ ಪತ್ರ.

ಕೊಕ್ಕರೆ ಬೆಳ್ಳೂರು ನಮ್ಮ ತಾಲ್ಲೂಕಿನಲ್ಲೇ ಇದೆ. ಹಕ್ಕಿ ನೋಡೋಕೆ ದೂರದೂರದಿಂದ ಜನ ಕ್ಯಾಮೆರಾ ಹಿಡಿದು ಬರ್ತಾರೆ. ಕ್ಲಾಸಿನಲ್ಲಿ ಯಾರು ಯಾರು ನೋಡಿದ್ದೀರಿ ಅಂತ ಬಯಾಲಜಿ ಮೇಡಂ ಕೇಳಿದಾಗ ಕೈ ಎತ್ತಿದವರು ತುಂಬಾ ಕಡಿಮೆ. ಪಠ್ಯದಲ್ಲಿ ಜೀವವೈವಿಧ್ಯ, ಅದರ ಸಂರಕ್ಷಣೆ ಎಲ್ಲ ಓದ್ತೀವಿ, ಉತ್ತರವನ್ನೂ ಬರೀತೀವಿ, ಆದರೆ ಶಾಲೆ ಹಿಂದಿನ ಕೆರೆಯಲ್ಲಿ ಕೂತಿರೋ ಹಕ್ಕಿ ಯಾವುದು ಅಂದ್ರೆ ಸುಮ್ನೆ "ಕೊಕ್ಕರೆ" ಅಂತೀವಿ. ಇದು ಬದಲಾಗಬೇಕು ಅಂತಲೇ ಕ್ಲಬ್ ಶುರು ಮಾಡ್ತಿದ್ದೇವೆ.

ನೀವು ರಂಗನತಿಟ್ಟಿನಲ್ಲೂ ಕೊಕ್ಕರೆ ಬೆಳ್ಳೂರಿನಲ್ಲೂ ಕೆಲಸ ಮಾಡಿದ್ದೀರಿ ಅಂತ ಮೇಡಂ ಹೇಳಿದರು. ದೀಪ ಹಚ್ಚೋದು, ಭಾಷಣ, ಬಹುಮಾನ ವಿತರಣೆ, ಹೀಗೆ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ನೀವು ಏನು ಮಾತಾಡಿದರೂ ಕೇಳ್ತೀವಿ, ಆದರೆ ನಮ್ಮ ಸುತ್ತಮುತ್ತಲಿನ ಹಕ್ಕಿಗಳ ಬಗ್ಗೆ ಜಾಸ್ತಿ ಹೇಳಿ ಸರ್. ನಿಮ್ಮ ಮನೆಯವರನ್ನೂ ಕರೆದುಕೊಂಡು ಬರಬೇಕು, ಕಾರ್ಡಿನಲ್ಲಿ ಅವರ ಹೆಸರನ್ನೂ ಬರೆದಿದ್ದೇವೆ.

ಇಂತಿ ನಿಮ್ಮ ವಿಧೇಯಳು,
ಚೈತ್ರಾ

ಒಪ್ಪಿಗೆ

ಶ್ರೀ ಕೆ. ನಂಜುಂಡಯ್ಯ ಮತ್ತು ಶ್ರೀಮತಿ ಸಾವಿತ್ರಮ್ಮ ಅವರು, ಪರಿಸರ ಕ್ಲಬ್‌ನ ಉದ್ಘಾಟನೆ ಹಾಗೂ ರಾಷ್ಟ್ರೀಯ ಪಕ್ಷಿ ವೀಕ್ಷಣೆ ದಿನದ ಆಹ್ವಾನಕ್ಕಾಗಿ ಶಿಂಷಾ ಪಬ್ಲಿಕ್ ಶಾಲೆಯ ಮುಖ್ಯೋಪಾಧ್ಯಾಯರು, ಶಿಕ್ಷಕರು ಮತ್ತು ವಿದ್ಯಾರ್ಥಿಗಳಿಗೆ ಧನ್ಯವಾದ ತಿಳಿಸುತ್ತಾರೆ. 12 ನವೆಂಬರ್ 2025, ಬುಧವಾರ ಬೆಳಿಗ್ಗೆ 10:30ಕ್ಕೆ ಶಾಲೆಯ ಸಭಾಂಗಣದಲ್ಲಿ ನಡೆಯುವ ಈ ಕಾರ್ಯಕ್ರಮಕ್ಕೆ ಬರಲು ಇಬ್ಬರೂ ಸಂತೋಷದಿಂದ ಒಪ್ಪಿದ್ದಾರೆ.

ಒಪ್ಪಿಗೆಯ ಜೊತೆ ಬಂದ ಪತ್ರ

ಮೈಸೂರು
29 ಅಕ್ಟೋಬರ್ 2025

ಚಿರಂಜೀವಿ ಚೈತ್ರಾಳಿಗೆ, ಮತ್ತು ಕ್ಲಬ್ಬಿನ ಎಲ್ಲ ಮಕ್ಕಳಿಗೆ ಆಶೀರ್ವಾದಗಳು.

ನಿಮ್ಮ ಕ್ರಮದಲ್ಲೇ ಮೇಲೆ ಒಪ್ಪಿಗೆ ಬರೆದಿದ್ದೇನೆ. ದಿನ, ಗಂಟೆ, ಜಾಗ ಮೂರನ್ನೂ ಮತ್ತೆ ಬರೆದಿದ್ದೇನೆ, ಉತ್ತರದಲ್ಲಿ ಅವು ಇದ್ದರೆ ಇಬ್ಬರಿಗೂ ಗೊಂದಲ ಇರಲ್ಲ. ಇನ್ನು ನೇರವಾಗಿ ನಿಮ್ಮ ಹತ್ತಿರ ಮಾತಾಡ್ತೀನಿ.

ಬರ್ತೀವಿ ಕಣಮ್ಮ, ಖಂಡಿತ ಬರ್ತೀವಿ. ಆದರೆ ಒಂದು ಕೋರಿಕೆ ಇದೆ, ಅದನ್ನು ನಿಮ್ಮ ಮುಖ್ಯೋಪಾಧ್ಯಾಯರಿಗೂ ತೋರಿಸಿ. ಹತ್ತೂವರೆಗೆ ಸಭಾಂಗಣದಲ್ಲಿ ಹಕ್ಕಿ ಇರಲ್ಲ. ಪಕ್ಷಿ ವೀಕ್ಷಣೆ ದಿನ ಅಂತ ಕರೆದು ಎಲ್ಲರೂ ಕುರ್ಚಿ ಮೇಲೆ ಕೂತು ನನ್ನನ್ನು ನೋಡ್ತಾ ಕೂತರೆ ಏನು ಬಂತು? ಅವತ್ತು ಬೆಳಿಗ್ಗೆ ಆರೂವರೆಗೆ ಕ್ಲಬ್ಬಿನ ಮಕ್ಕಳು ಶಾಲೆ ಹಿಂದಿನ ಕೆರೆ ಏರಿ ಹತ್ತಿರ ಬನ್ನಿ. ಮನೆಯಲ್ಲಿ ಹೇಳಿ ಬರಬೇಕು, ಒಬ್ಬಿಬ್ಬರು ಶಿಕ್ಷಕರು ಜೊತೆಗಿರಬೇಕು. ಒಂದೂವರೆ ಗಂಟೆ ನೋಡೋಣ, ಆಮೇಲೆ ನೀವು ಮನೆಗೆ ಹೋಗಿ ತಿಂಡಿ ತಿಂದು ಸಮವಸ್ತ್ರ ಹಾಕಿಕೊಂಡು ಸಭೆಗೆ ಬರೋಕೆ ಬೇಕಾದಷ್ಟು ಟೈಮ್ ಇರುತ್ತೆ. ನಾವು ಹಿಂದಿನ ಸಂಜೆಯೇ ರೈಲಿನಲ್ಲಿ ಮದ್ದೂರಿಗೆ ಬಂದು ನನ್ನ ತಂಗಿ ಮನೆಯಲ್ಲಿ ಉಳಿಯುತ್ತೇವೆ, ಆದ್ದರಿಂದ ಶಾಲೆಯವರು ಕಾರು ಕಳಿಸೋದು ಬೇಡ.

ಕೆರೆಗೆ ಬರುವಾಗ ಮಣ್ಣಿನ ಬಣ್ಣದ, ಎಲೆ ಬಣ್ಣದ ಬಟ್ಟೆ ಹಾಕಿ. ಬಿಳಿ, ಕೆಂಪು ಬೇಡ. ಒಂದು ನೋಟ್‌ಬುಕ್ಕು, ಪೆನ್ಸಿಲ್ ಸಾಕು. ದುರ್ಬೀನು ನನ್ನ ಹತ್ತಿರ ಎರಡು ಇವೆ, ಸರದಿ ಮೇಲೆ ನೋಡೋಣ. ಹೆಸರು ಗೊತ್ತಿಲ್ಲದ ಹಕ್ಕಿ ಕಂಡರೆ ಮೊದಲು ಗಾತ್ರ ಬರೆಯಿರಿ, ಕಾಗೆಗಿಂತ ದೊಡ್ಡದೋ ಚಿಕ್ಕದೋ ಅಂತ. ಆಮೇಲೆ ಕೊಕ್ಕು ಹೇಗಿದೆ, ಕಾಲಿನ ಬಣ್ಣ ಏನು, ನೀರಲ್ಲಿ ಈಜ್ತಿತ್ತೋ, ಕೆಸರಲ್ಲಿ ನಡೀತಿತ್ತೋ, ತಂತಿ ಮೇಲೆ ಕೂತಿತ್ತೋ. ಇಷ್ಟು ಬರೆದರೆ ಮಿಕ್ಕಿದ್ದನ್ನು ಪುಸ್ತಕದಲ್ಲಿ ಹುಡುಕಬಹುದು. ನವೆಂಬರಿನಲ್ಲಿ ನಿಮ್ಮ ಕೆರೆಯಲ್ಲಿ ನೀರುಕಾಗೆ, ಬೆಳ್ಳಕ್ಕಿ, ಗುಳುಮುಳುಕ, ಮಿಂಚುಳ್ಳಿ, ನಾಮಕೋಳಿ ಕಾಣಬಹುದು. ಬಾಲ ಕುಣಿಸ್ತಾ ಓಡಾಡುವ ಸಿಪಿಲೆಗಳೂ ಬಂದಿರುತ್ತವೆ, ಚಳಿಗಾಲ ಕಳೆಯೋಕೆ ಉತ್ತರದಿಂದ ಅಷ್ಟು ದೂರ ಹಾರಿ ಬರುವ ಪುಟ್ಟ ಜೀವ ಅದು. ನೀವೆಲ್ಲ "ಕೊಕ್ಕರೆ" ಅಂತ ಒಂದೇ ಹೆಸರಿನಲ್ಲಿ ಕರೆಯುವುದು ಅವತ್ತೇ ನಿಂತುಹೋಗುತ್ತೆ, ನೋಡ್ತಿರಿ.

ಇನ್ನು ಸಭೆಯಲ್ಲಿ ಏನು ಮಾತಾಡಲಿ ಅಂತ ಯೋಚಿಸಿದೆ. ನವೆಂಬರ್ 12 ಪಕ್ಷಿ ವಿಜ್ಞಾನಿ ಸಲೀಂ ಅಲಿ ಹುಟ್ಟಿದ ದಿನ, 1896ರಲ್ಲಿ. ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಿ ಹೊಡೆದರು. ಕುತ್ತಿಗೆ ಹತ್ತಿರ ಹಳದಿ ಗುರುತು ಇತ್ತು, ಎಲ್ಲ ಗುಬ್ಬಿ ಥರ ಇರಲಿಲ್ಲ. ಅದೇನು ಅಂತ ತಿಳ್ಕೊಳ್ಳೋಕೆ ಅದನ್ನು ಹಿಡಿದುಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಅಲ್ಲಿದ್ದ ಮಿಲ್ಲಾರ್ಡ್ ಅನ್ನುವ ಅಧಿಕಾರಿ ಆ ಹುಡುಗನನ್ನು ಗದರಿಸಿ ಕಳಿಸಲಿಲ್ಲ. ಹಕ್ಕಿಯ ಹೆಸರು ಹೇಳಿ, ಸಂಗ್ರಹದಲ್ಲಿದ್ದ ಹಕ್ಕಿಗಳನ್ನೆಲ್ಲ ತೆಗೆದು ತೋರಿಸಿದರು. ಮಕ್ಕಳು ಪ್ರಶ್ನೆ ಹಿಡಿದುಕೊಂಡು ಬಂದಾಗ ದೊಡ್ಡವರು ಹೇಗೆ ನಡೆದುಕೊಳ್ಳಬೇಕು ಅನ್ನೋದಕ್ಕೆ ನಾನು ಇದಕ್ಕಿಂತ ಒಳ್ಳೆ ಉದಾಹರಣೆ ಕೊಡಲಾರೆ. ಇದನ್ನು ಶಿಕ್ಷಕರ ಎದುರಲ್ಲೇ ಹೇಳಬೇಕು ಅಂತ ಆಸೆ.

ಅದೇ ಸಲೀಂ ಅಲಿ ಮುಂದೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಇಲ್ಲಿಗೆ ಬಂದರು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ನಡುವಿನ ತಿಟ್ಟುಗಳಲ್ಲಿ ಹಕ್ಕಿಗಳು ಗೂಡು ಕಟ್ಟೋದನ್ನು ನೋಡಿ, ಈ ಜಾಗ ಉಳಿಸಬೇಕು ಅಂತ ಮಹಾರಾಜರನ್ನು ಒಪ್ಪಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಯ್ತು. 2022ರಲ್ಲಿ ಅದು ರಾಮ್ಸರ್ ಪಟ್ಟಿಗೂ ಸೇರಿತು, ಅಂದರೆ ಇಡೀ ಜಗತ್ತು ಗುರುತಿಸಿದ ಜೌಗುಭೂಮಿ. ನಿಮ್ಮ ಜಿಲ್ಲೆಯದೇ ಅದು, ಹೆಮ್ಮೆ ಪಡಿ.

ಆದರೆ ನನಗೆ ರಂಗನತಿಟ್ಟಿಗಿಂತ ಕೊಕ್ಕರೆ ಬೆಳ್ಳೂರಿನ ಬಗ್ಗೆ ಜಾಸ್ತಿ ಹೇಳಬೇಕಿದೆ. ರಂಗನತಿಟ್ಟಿನಲ್ಲಿ ಸುತ್ತ ನೀರಿದೆ, ನೀರಲ್ಲಿ ಮೊಸಳೆ ಇದೆ, ಇಲಾಖೆಯ ಕಾವಲಿದೆ. ಬೆಳ್ಳೂರಿನಲ್ಲಿ ಏನಿದೆ? ಮನೆ ಮುಂದಿನ ಹುಣಸೆ ಮರ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎರಡೂ ಅದರ ಮೇಲೆ ಗೂಡು ಕಟ್ಟುತ್ತವೆ, ಕೆಳಗೆ ದನ ಕಟ್ಟಿರ್ತಾರೆ, ಮಕ್ಕಳು ಆಡ್ತಿರ್ತಾರೆ. ಹಕ್ಕಿ ಕೂತ ಮರದಲ್ಲಿ ಹುಣಸೆ ಫಸಲು ಕೈಗೆ ಸರಿಯಾಗಿ ಸಿಗಲ್ಲ, ಮೀನಿನ ವಾಸನೆ ಬೇರೆ. ಆದರೂ ಆ ಊರಿನವರು ಹಕ್ಕಿ ಓಡಿಸಲಿಲ್ಲ. ಬಂದ ಹಕ್ಕಿ ಊರಿಗೆ ಒಳ್ಳೇದು ಮಾಡುತ್ತೆ ಅಂತ ನಂಬಿದರು, ಮರದ ಕೆಳಗೆ ಬಿದ್ದ ಹಿಕ್ಕೆಯನ್ನು ಗೊಬ್ಬರ ಮಾಡಿ ಹೊಲಕ್ಕೆ ಹಾಕಿದರು, ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ಕೊಟ್ಟು ಸಾಕಿದರು. ಫಸಲು ಹೋದ ಮರಗಳಿಗೆ ಇಲಾಖೆ ಪರಿಹಾರ ಕೊಡೋದು ಶುರುವಾಯ್ತು, 2007ರಲ್ಲಿ ಸಮುದಾಯ ಮೀಸಲು ಪ್ರದೇಶ ಅಂತ ಘೋಷಣೆಯೂ ಆಯ್ತು. ಇದೆಲ್ಲ ಆಗೋ ಹೊತ್ತಿಗೆ ಜನ ಎಷ್ಟೋ ತಲೆಮಾರಿನಿಂದ ತಮ್ಮ ಪಾಡಿಗೆ ಈ ಹಕ್ಕಿಗಳನ್ನು ಕಾಪಾಡಿಕೊಂಡು ಬಂದಿದ್ದರು. ಅಧಿಕಾರಿಯಾಗಿದ್ದ ನಾನೇ ಇದನ್ನು ಹೇಳ್ತಿದ್ದೇನೆ: ಅಲ್ಲಿ ಹಕ್ಕಿ ಉಳಿದಿದ್ದು ಮೊದಲು ಆ ಮನೆಗಳವರಿಂದ. ನಿಮ್ಮ ಕ್ಲಬ್ಬಿನಲ್ಲಿ ಆ ಊರಿನ ಮಕ್ಕಳು ಯಾರಾದರೂ ಇದ್ದರೆ ಅವರನ್ನೂ ವೇದಿಕೆ ಮೇಲೆ ಕೂರಿಸಿ. ಅವರ ಅಜ್ಜಿಯೋ ತಾತನೋ ಬರ್ತೀನಿ ಅಂದರೆ ಇನ್ನೂ ಒಳ್ಳೇದು, ನನ್ನ ಭಾಷಣದ ಅರ್ಧ ಟೈಮ್ ಅವರಿಗೆ ಕೊಡಿ.

ಹಕ್ಕಿಗಳು ಅಲ್ಲಿಗೆ ಬರೋದು ಡಿಸೆಂಬರ್ ಆಸುಪಾಸು, ಆದ್ದರಿಂದ ನವೆಂಬರ್ 12ಕ್ಕೆ ಹೋದರೆ ಖಾಲಿ ಮರ ನೋಡಬೇಕಾಗುತ್ತೆ. ಫೆಬ್ರವರಿ ಹೊತ್ತಿಗೆ ಗೂಡುಗಳಲ್ಲಿ ಮರಿ ಇರುತ್ತವೆ. ಆದರೆ ಹನ್ನೆರಡನೇ ತರಗತಿಯವರಿಗೆ ಅದು ಬೋರ್ಡ್ ಪರೀಕ್ಷೆ ಸಮಯ, ಅಲ್ವಾ? ಹಾಗಾಗಿ ನಿಮ್ಮನ್ನು ಜನವರಿಯ ಒಂದು ಭಾನುವಾರ ಕರ್ಕೊಂಡು ಹೋಗ್ತೀನಿ, ಚಿಕ್ಕ ತರಗತಿಯವರು ಮರಿ ಇರುವಾಗ ಇನ್ನೊಂದು ಸಲ ಬರಲಿ. ಯಾವ ಭಾನುವಾರ ಅನ್ನೋದನ್ನು ಕಾರ್ಯಕ್ರಮದ ದಿನ ಮೇಡಂ ಜೊತೆ ಕೂತು ಗೊತ್ತು ಮಾಡೋಣ.

ಶಾಲು, ಹಾರ, ಹಣ್ಣಿನ ಬುಟ್ಟಿ ತರಬೇಡಿ. ಆ ದುಡ್ಡಿಗೆ ಲೈಬ್ರರಿಗೆ ಕನ್ನಡದಲ್ಲಿರುವ ಒಂದು ಪಕ್ಷಿ ಪುಸ್ತಕ ತನ್ನಿ, ಕ್ಲಬ್ಬಿನವರೆಲ್ಲ ಬಳಸಬಹುದು. ದೀಪ ಹಚ್ಚೋಕೆ ನನಗೆ ಸಂತೋಷವೇ. ಪಟಾಕಿ ಮಾತ್ರ ಬೇಡ, ಕೆರೆ ಪಕ್ಕದಲ್ಲೇ ಇದೆ.

ಊಟಕ್ಕೆ ಇಬ್ಬರೂ ಇರ್ತೀವಿ. ನನಗೆ ಸಕ್ಕರೆ ಕಾಯಿಲೆ ಇರೋದರಿಂದ ಸಿಹಿ ಬಡಿಸಬೇಡಿ ಅಂತ ಸಾವಿತ್ರಮ್ಮ ಬರೆಯೋಕೆ ಹೇಳಿದ್ದಾರೆ. ಅವರಿಗೆ ಮದ್ದೂರು ವಡೆ ಅಂದರೆ ಇಷ್ಟ. ಕೆರೆ ಏರಿಗೆ ಎಷ್ಟು ಜನ ಬರ್ತೀರಿ ಅಂತ ನವೆಂಬರ್ 8ರ ಒಳಗೆ ತಿಳಿಸಿ, ಹೆಚ್ಚಿದ್ದರೆ ಎರಡು ಗುಂಪು ಮಾಡಿಕೊಳ್ಳಬೇಕು.

ಇಂತಿ,
ಕೆ. ನಂಜುಂಡಯ್ಯ