ವಿಷಯ: ನಿಮ್ಮ ಕಾಫಿ ಪುಡಿ ಪ್ಯಾಕೆಟ್ ಡಿಸೈನ್ – ಯಾವ ಕೆಲಸ, ಎಷ್ಟು ಹಣ, ಎಷ್ಟು ತಿದ್ದುಪಡಿ

ನಮಸ್ಕಾರ ಸುಜಾತಾ ಮೇಡಂ,

ಭಾನುವಾರ ಆಲ್ದೂರಿಗೆ ಬಂದಾಗ ನಿಮ್ಮ ಮನೆಯವರೆಲ್ಲ ಅಷ್ಟು ಹೊತ್ತು ಕೂತು ಮಾತಾಡಿದಿರಿ, ತುಂಬಾ ಖುಷಿಯಾಯಿತು. ನಿಮ್ಮ ಮಾವನವರ ಕಾಲದ ಆ ತಗಡಿನ ಡಬ್ಬದ ಫೋಟೋ ಹಾಸನಕ್ಕೆ ಬಂದ ಮೇಲೂ ಎರಡು ಸಲ ತೆಗೆದು ನೋಡಿದೆ. ಯಾರೋ ಕುಂಚದಲ್ಲಿ ಬರೆದ ‘ಕಾಫಿ’ ಅನ್ನೋ ಅಕ್ಷರ. ಕೆಂಪು ಬಣ್ಣ ಅಲ್ಲಲ್ಲಿ ಎದ್ದು ಹೋಗಿದೆ, ಆದರೆ ‘ಕಾ’ದ ದೀರ್ಘ ಕೆಳಗಿಳಿದು ಒಳಗೆ ಸುತ್ತಿಕೊಂಡಿರುವ ರೀತಿ ಇವತ್ತಿಗೂ ಚೆಂದ. ಲೋಗೋವನ್ನು ಅಲ್ಲಿಂದಲೇ ಶುರು ಮಾಡೋಣ ಅಂದುಕೊಂಡಿದ್ದೇನೆ.

ಕೆಲಸ ಹಿಡಿಯುವ ಮೊದಲು ಮಾತಾಡಿದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ಮುಂದೆ ಇಬ್ಬರಿಗೂ ಗೊಂದಲ ಬೇಡ ಅಲ್ವಾ.

ನಾನು ಮಾಡಿಕೊಡುವುದು ಒಂದು ಲೋಗೋ, 250 ಗ್ರಾಂ ಪ್ಯಾಕೆಟ್‌ನ ಎರಡು ಡಿಸೈನ್ (ಒಂದು ಶುದ್ಧ ಕಾಫಿ, ಇನ್ನೊಂದು 80–20 ಚಿಕೋರಿ ಮಿಶ್ರಣ, ಎರಡಕ್ಕೂ ಹಿಂದೆ ಮುಂದೆ), ಮತ್ತು ರಟ್ಟಿನ ಪೆಟ್ಟಿಗೆಗೆ ಒಂದು ಸ್ಟಿಕರ್. ಪ್ರಿಂಟಿಂಗ್ ಖರ್ಚು, ತೋಟದ ಫೋಟೋ ತೆಗೆಯುವುದು, ಇನ್‌ಸ್ಟಾಗ್ರಾಂ ಪೋಸ್ಟ್, ವೆಬ್‌ಸೈಟ್ ಇದರಲ್ಲಿ ಸೇರಿಲ್ಲ. ಬೇಕಾದರೆ ಬೇರೆಯಾಗಿ ಮಾತಾಡೋಣ.

ಪ್ಯಾಕೆಟ್ ಹಿಂಭಾಗದ ವಿವರ ನೀವೇ ಕೊಡಬೇಕು. 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ವಿಳಾಸ, ತೂಕ, ಎಂಆರ್‌ಪಿ, ಗ್ರಾಹಕರು ಕರೆ ಮಾಡುವ ಫೋನ್ ನಂಬರ್. ತಯಾರಿಸಿದ ದಿನಾಂಕ ಮತ್ತು ಬ್ಯಾಚ್ ನಂಬರ್ ಪ್ರತಿ ಸಲ ಬದಲಾಗುತ್ತದೆ, ಅದಕ್ಕೆ ಖಾಲಿ ಜಾಗ ಬಿಡುತ್ತೇನೆ. ಮಿಶ್ರಣದ ಪ್ಯಾಕೆಟ್ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ಶೇಕಡಾ ಲೆಕ್ಕದಲ್ಲಿ ಕಾಣುವಂತೆ ಹಾಕಲೇಬೇಕು, ಅದು ಕಾನೂನು. ನಿಮ್ಮ ಮಗ ಜಿಐ ಗುರುತು ಹಾಕೋಣ ಅಂದಿದ್ದರು. ‘ಚಿಕ್ಕಮಗಳೂರು ಅರೇಬಿಕಾ’ಗೆ 2019ರಲ್ಲೇ ಜಿಐ ಸಿಕ್ಕಿದೆ, ನಿಜ. ಆದರೆ ಆ ಗುರುತು ಬಳಸಲು ನಿಮ್ಮ ಹೆಸರು ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಿರಬೇಕು. ಆ ಕಾಗದ ಕೈಗೆ ಬರುವ ತನಕ ಹಾಕುವುದು ಬೇಡ. ಪ್ರಿಂಟ್ ಆದ ಪ್ಯಾಕೆಟ್ ಸುಮ್ನೆ ಮೂಲೆ ಸೇರಬಾರದು.

ಒಟ್ಟು ಮೊತ್ತ 36,000 ರೂಪಾಯಿ. ಶುರುವಿಗೆ 14,400. ಲೋಗೋ ಒಪ್ಪಿದ ದಿನ 10,800. ಪ್ಯಾಕೆಟ್ ಡಿಸೈನ್ ಪೂರ್ತಿ ಒಪ್ಪಿಗೆಯಾದ ಮೇಲೆ ಉಳಿದ 10,800. ಅದು ಬಂದ ದಿನವೇ ಪ್ರೆಸ್‌ಗೆ ಕೊಡುವ ಫೈಲ್‌ಗಳನ್ನು ಕಳಿಸುತ್ತೇನೆ, ಅಲ್ಲಿಂದ ಡಿಸೈನ್ ಪೂರ್ತಿ ನಿಮ್ಮದು. ನನ್ನ ವರ್ಷದ ವಹಿವಾಟು 20 ಲಕ್ಷದ ಒಳಗಿದೆ, ಜಿಎಸ್‌ಟಿ ನೋಂದಣಿ ಇಲ್ಲ, ಹಾಗಾಗಿ ಬಿಲ್‌ನಲ್ಲಿ ಜಿಎಸ್‌ಟಿ ಇರುವುದಿಲ್ಲ. ಕೆಲಸ ಶುರುವಾದ ಮೇಲೆ ಕಾರಣಾಂತರದಿಂದ ನಿಲ್ಲಿಸಬೇಕಾದರೆ ಮುಂಗಡ ವಾಪಸ್ ಕೊಡಲು ಆಗುವುದಿಲ್ಲ.

ಇನ್ನು ತಿದ್ದುಪಡಿ ವಿಷಯ. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಲೋಗೋಗೆ ಮೂರು ಮಾದರಿ ತೋರಿಸುತ್ತೇನೆ, ಒಂದನ್ನು ಆರಿಸಿಕೊಳ್ಳಿ. ಆರಿಸಿದ ಮೇಲೆ ಎರಡು ಸಲ ತಿದ್ದಿ ಕೊಡುತ್ತೇನೆ. ಪ್ಯಾಕೆಟ್‌ಗಳಿಗೂ ಸ್ಟಿಕರ್‌ಗೂ ಹಾಗೆಯೇ, ಒಂದೊಂದಕ್ಕೆ ಎರಡು ಸಲ. ಒಂದು ಸಲ ಅಂದರೆ ಮನೆಯವರೆಲ್ಲ ನೋಡಿ, ಏನೇನು ಬದಲಾಗಬೇಕೋ ಎಲ್ಲ ಒಂದೇ ಮೆಸೇಜ್‌ನಲ್ಲಿ ನೀವೊಬ್ಬರೇ ಬರೆದು ಕಳಿಸುವುದು. ಹಿಂದೆ ಒಬ್ಬರ ಕೆಲಸದಲ್ಲಿ ಅಣ್ಣ ಹಸಿರು ಬೇಕು ಅಂದರು, ತಮ್ಮ ಕಂದು ಅಂದರು, ಅತ್ತೆ ಬೆಳಗ್ಗೆ ಒಂದು ವಾಟ್ಸ್‌ಆ್ಯಪ್ ವಾಯ್ಸ್ ಕಳಿಸಿದರು. ಒಂದೇ ಪೋಸ್ಟರ್ ಹನ್ನೊಂದು ಸಲ ಬದಲಾಯಿತು. ಕೊನೆಗೆ ಯಾರಿಗೂ ಇಷ್ಟವಾಗಲಿಲ್ಲ, ಅದು ನನಗೆ ಇವತ್ತಿಗೂ ಬೇಜಾರು. ನಿಮ್ಮ ಪ್ಯಾಕೆಟ್‌ಗೆ ಹಾಗಾಗಬಾರದು.

ಎರಡಕ್ಕಿಂತ ಜಾಸ್ತಿ ಆದರೆ ಪ್ರತಿ ಸಲಕ್ಕೆ 1,200 ರೂಪಾಯಿ. ಅದನ್ನು ನಾನು ಮೊದಲೇ ಹೇಳುತ್ತೇನೆ, ನೀವು ಹೂಂ ಅಂದ ಮೇಲೆಯೇ ಕೈ ಹಾಕುತ್ತೇನೆ. ಒಪ್ಪಿದ ಲೋಗೋ ಬಿಟ್ಟು ಪೂರ್ತಿ ಬೇರೆ ಬೇಕು ಅಂದರೆ ಅದು ಹೊಸ ಕೆಲಸ. ನನ್ನಿಂದಾದ ಕಾಗುಣಿತದ ತಪ್ಪು, ಅಳತೆಯ ತಪ್ಪು ಎಷ್ಟಿದ್ದರೂ ನಾನೇ ಸರಿಮಾಡುತ್ತೇನೆ, ಅದಕ್ಕೆ ಲೆಕ್ಕವಿಲ್ಲ.

ಮುಂಗಡ ಮತ್ತು ಪ್ಯಾಕೆಟ್ ಹಿಂಭಾಗದ ವಿವರ ಎರಡೂ ಬಂದ ದಿನದಿಂದ ನಾಲ್ಕು ವಾರ. ನಿಮ್ಮ ಕಡೆ ಈ ಮಳೆಯಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ ಅಂತ ಗೊತ್ತು. ಉತ್ತರಕ್ಕೆ ಒಂದು ವಾರ ಕಾಯುತ್ತೇನೆ, ಅದು ದಾಟಿದರೆ ದಾಟಿದಷ್ಟು ದಿನ ಮುಂದಕ್ಕೆ ಹೋಗುತ್ತದೆ. ನವೆಂಬರ್‌ನಲ್ಲಿ ಹಣ್ಣು ಕೊಯ್ಲು ಶುರುವಾದರೆ ನಿಮಗೆ ಪುರುಸೊತ್ತೇ ಸಿಗುವುದಿಲ್ಲ. ಅಷ್ಟರೊಳಗೆ ಮುಗಿಸಿಬಿಡೋಣ.

ಪರದೆ ಮೇಲೆ ಕಾಣುವ ಬಣ್ಣ ಪ್ಯಾಕೆಟ್ ಮೇಲೆ ಸ್ವಲ್ಪ ಬೇರೆಯಾಗಿ ಬರುತ್ತದೆ. ಪ್ರೆಸ್‌ನಿಂದ ಒಂದು ಸ್ಯಾಂಪಲ್ ತೆಗೆಸಿ, ಬಿಸಿಲಲ್ಲಿ ಹಿಡಿದು ನೋಡಿದ ಮೇಲೆಯೇ ಪೂರ್ತಿ ಆರ್ಡರ್ ಕೊಡಿ.

ಇದೆಲ್ಲ ಸರಿ ಅನಿಸಿದರೆ ಈ ಮೇಲ್‌ಗೆ ‘ಒಪ್ಪಿಗೆ’ ಅಂತ ಉತ್ತರಿಸಿ, ಬ್ಯಾಂಕ್ ವಿವರ ಇರುವ ಬಿಲ್ ಕಳಿಸುತ್ತೇನೆ. ಯಾವುದಾದರೂ ಮಾತು ಬದಲಾಗಬೇಕು ಅನಿಸಿದರೆ ಸಂಕೋಚ ಬೇಡ, ಸಂಜೆ ಆರರ ಮೇಲೆ ಫೋನ್ ಮಾಡಿ. ಆ ಡಬ್ಬವನ್ನು ಮಾತ್ರ ತೊಳೆಯಬೇಡಿ ಮೇಡಂ, ಇರುವ ಬಣ್ಣವೂ ಹೋದೀತು. ಮುಂದಿನ ವಾರ ಬಂದು ಅಕ್ಷರದ ಅಚ್ಚು ತೆಗೆದುಕೊಳ್ಳುತ್ತೇನೆ.

ಇಂತಿ,
ರಕ್ಷಿತ್
ಗ್ರಾಫಿಕ್ ಡಿಸೈನರ್, ಹಾಸನ