17 ಮಿಲಿಮೀಟರ್

ಸ್ಕ್ಯಾನಿಂಗ್ ಕೋಣೆಯ ಬಾಗಿಲು ತೆರೆದಾಗಲೆಲ್ಲ ಸಹನಾ ತಲೆ ಎತ್ತುತ್ತಿದ್ದಳು. ನರ್ಸ್ ಕರೆದ ಹೆಸರು ತನ್ನದಲ್ಲ ಅಂತ ಗೊತ್ತಾದ ಕೂಡಲೇ ಮತ್ತೆ ತೊಡೆಯ ಮೇಲಿದ್ದ ಫೈಲಿನ ಕಡೆ ನೋಡುತ್ತಿದ್ದಳು. ಹತ್ತೂವರೆಗೆ ಬನ್ನಿ ಅಂದಿದ್ದರು. ಈಗ ಹನ್ನೊಂದೂಕಾಲು. ನಡುವೆ ವಾರ್ಡಿನಿಂದ ತುರ್ತು ಕೇಸೊಂದು ಬಂದು, ಸ್ಟ್ರೆಚರ್ ಸೀದಾ ಒಳಗೆ ಹೋಗಿತ್ತು. ಹೊರಗೆ ಕೂತಿದ್ದವರು ಯಾರೂ ಗೊಣಗಲಿಲ್ಲ. ಕಾಲು ಮಡಚಿ ದಾರಿ ಬಿಟ್ಟರು, ಅಷ್ಟೇ.

"ಇನ್ನೊಂದು ಗುಟುಕು ನೀರು ಕುಡೀತೀಯಾ?" ಮಧು ಬಾಟಲಿ ಮುಂದೆ ಹಿಡಿದ.

"ಬೇಡ ಕಣೋ. ಈಗಲೇ ತಡೆಯೋಕೆ ಆಗ್ತಿಲ್ಲ."

ಒಂದು ಗಂಟೆ ಮೊದಲು ಒಂದು ಲೀಟರ್ ನೀರು ಕುಡಿದು, ಮೂತ್ರಕ್ಕೆ ಹೋಗದೆ ಬರಬೇಕು ಅಂತ ಚೀಟಿಯಲ್ಲಿ ಬರೆದಿತ್ತು. ಯಾಕೆ ಅಂತಲೂ ಮಧು ಓದಿಕೊಂಡಿದ್ದ. ತುಂಬಿದ ಮೂತ್ರಕೋಶ ಕರುಳನ್ನು ಪಕ್ಕಕ್ಕೆ ಸರಿಸುತ್ತದೆ. ಸ್ಕ್ಯಾನಿಂಗಿನ ಶಬ್ದದ ಅಲೆಗಳು ನೀರಿನ ಮೂಲಕ ಸಲೀಸಾಗಿ ಹೋಗುತ್ತವೆ. ಹಿಂದಿರುವ ಗರ್ಭಕೋಶ ಚೆನ್ನಾಗಿ ಕಾಣುತ್ತದೆ. ನಿನ್ನೆ ರಾತ್ರಿ ಒಮ್ಮೆ, ಇವತ್ತು ಬೆಳಿಗ್ಗೆ ಇನ್ನೊಮ್ಮೆ ಅವಳಿಗೆ ಇದನ್ನೆಲ್ಲ ವಿವರಿಸಿದ್ದ. ಹಳೆಯ ರಕ್ತಪರೀಕ್ಷೆಯ ರಿಪೋರ್ಟು, ಡಾಕ್ಟರ್ ಬರೆದ ಚೀಟಿ, ಗುರುತಿನ ಚೀಟಿ ಎಲ್ಲ ಜೋಡಿಸಿ ಫೈಲ್ ಮಾಡಿದವನೂ ಅವನೇ. ಮಧು ಹಾಗೇ. ಮನಸ್ಸಿಗೆ ಕಷ್ಟವಾದಾಗ ಅವನ ಕೈ ಏನಾದರೊಂದು ಕೆಲಸ ಹುಡುಕುತ್ತದೆ. ಮದುವೆಯಾಗಿ ಮೂರು ವರ್ಷವಾದರೂ ಸಹನಾಗೆ ಅದು ಪೂರ್ತಿ ಅರ್ಥವಾಗಿರಲಿಲ್ಲ. ಇವನಿಗೆ ಭಯವೇ ಇಲ್ಲ, ಎಲ್ಲ ಸಲೀಸು ಅಂದುಕೊಂಡಿದ್ದಳು.

ಅವಳ ಭಯ ಅವಳಲ್ಲೇ ಇತ್ತು.

ಆರನೇ ವಾರದಲ್ಲಿ ವಾಕರಿಕೆ ಶುರುವಾಗಿತ್ತು. ಸೋಪಿನ ವಾಸನೆ ಆಗುತ್ತಿರಲಿಲ್ಲ. ಟೂತ್‌ಪೇಸ್ಟ್ ಬಾಯಿಗಿಟ್ಟರೆ ಹೊಟ್ಟೆಯೆಲ್ಲ ತಿರುವಿಕೊಂಡು ಬರುತ್ತಿತ್ತು. ಬಸ್ಸಿನಲ್ಲಿ ಪಕ್ಕದವರ ಸೆಂಟಿನ ವಾಸನೆಗೆ ಎರಡು ಸ್ಟಾಪ್ ಮುಂಚೆಯೇ ಇಳಿದು ನಡೆದದ್ದೂ ಇದೆ. ಆದರೆ ಮೊನ್ನೆ ಬೆಳಿಗ್ಗೆ ಎದ್ದಾಗ ಏನೂ ಇರಲಿಲ್ಲ. ಹಲ್ಲುಜ್ಜಿದಳು. ಮುಖ ತೊಳೆದಳು. ಸೋಪನ್ನು ಮೂಗಿನ ಹತ್ತಿರ ಹಿಡಿದು ಬೇಕಂತಲೇ ಮೂಸಿದಳು. ಏನೂ ಆಗಲಿಲ್ಲ. ಬೇರೆ ದಿನವಾಗಿದ್ದರೆ ಖುಷಿಪಡಬೇಕಾದ ವಿಷಯ. ಅವಳು ಮಾತ್ರ ಸಿಂಕಿನ ಮುಂದೆ ನಿಂತು, ಒಮ್ಮೆ ವಾಂತಿ ಬರಲಿ ಅಂತ ಕಾಯುತ್ತಿದ್ದಳು.

ಇದನ್ನು ಮಧುವಿಗೆ ಹೇಳಿರಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಅನ್ನಿಸಿತ್ತು. ನಿನ್ನೆ ಬೆಳಿಗ್ಗೆ ಅವನಿಗೆ ಅನುಮಾನ ಬಾರದಿರಲಿ ಅಂತ ಎಂದಿನ ಹೊತ್ತಿಗೇ ಬಾತ್‌ರೂಮಿಗೆ ಹೋಗಿ, ಚಿಲಕ ಹಾಕಿ, ನಲ್ಲಿ ಪೂರ್ತಿ ತಿರುಗಿಸಿ ಸುಮ್ನೆ ನಿಂತಿದ್ದಳು.

ಬಾಗಿಲು ತೆರೆಯಿತು. ಹಸಿರು ದುಪಟ್ಟಾದ ಹುಡುಗಿಯೊಬ್ಬಳು ಹೊರಗೆ ಬಂದಳು. ಅವಳ ಮುಖ ನೋಡಬಾರದು ಅಂದುಕೊಂಡರೂ ಸಹನಾ ನೋಡಿದಳು. ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ರಿಪೋರ್ಟನ್ನು ಬ್ಯಾಗಿಗೆ ಹಾಕಿಕೊಂಡು ಲಿಫ್ಟಿನ ಕಡೆ ನಡೆದಳು. ಒಳಗೆ ಏನು ಹೇಳಿರಬಹುದು? ಕಾಯುವ ಕಡೆ ಕೂತವರಿಗೆಲ್ಲ ಇದೊಂದು ರೋಗ. ಬೇರೆಯವರ ಮುಖದಲ್ಲಿ ತಮ್ಮ ಫಲಿತಾಂಶ ಹುಡುಕುತ್ತಾರೆ.

"ಮಧು."

"ಹೂಂ?"

"ನಂಗೆ ಮೊನ್ನೆಯಿಂದ ವಾಕರಿಕೆ ಬರ್ತಿಲ್ಲ."

ಅವನು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದವನು ನಿಲ್ಲಿಸಿದ. ಅವಳ ಕಡೆ ನೋಡಲಿಲ್ಲ.

"ಗೊತ್ತು."

"ಏನ್ ಗೊತ್ತು?"

"ನಿನ್ನೆ ಬಾತ್‌ರೂಮಿಂದ ಬರೀ ನಲ್ಲಿ ಸದ್ದು ಬರ್ತಿತ್ತು. ನಾನು ಬಾಗಿಲ ಹತ್ರಾನೇ ನಿಂತಿದ್ದೆ. ದಿನಾ ನಿಲ್ತೀನಿ, ನಿಂಗೆ ಏನಾದ್ರೂ ಬೇಕಾಗಬಹುದು ಅಂತ."

ಸಹನಾಗೆ ಗಂಟಲು ಕಟ್ಟಿತು. "ಮತ್ತೆ ಯಾಕೆ ಕೇಳಲಿಲ್ಲ?"

"ನೀನು ಮುಚ್ಚಿಡ್ತಿದ್ದೀಯ ಅಂದ್ರೆ ನಿಂಗೆ ಎಷ್ಟು ಭಯ ಆಗಿರಬೇಡ. ನಾನೂ ಬಾಯಿ ಬಿಟ್ರೆ ಇನ್ನೂ ಜಾಸ್ತಿ ಆಗುತ್ತೆ ಅನ್ನಿಸ್ತು." ಅವನು ಉಗುಳು ನುಂಗಿದ. "ರಾತ್ರಿ ಎದ್ದು ಕೂತು ಓದ್ತಿದ್ದೆ. ಒಂದು ಕಡೆ ಇದು ಮಾಮೂಲು ಅಂತ ಬರೆದಿದ್ರು. ಇನ್ನೊಂದು ಕಡೆ ಬೇರೆ ಏನೋ ಇತ್ತು. ಆಮೇಲೆ ಫೋನ್ ಆಫ್ ಮಾಡಿದೆ. ನಿದ್ದೆ ಬರಲಿಲ್ಲ."

ರಾತ್ರಿ ಅವಳೂ ಎಚ್ಚರವಾಗಿಯೇ ಇದ್ದಳು. ಗೋಡೆ ಕಡೆ ತಿರುಗಿ ಮಲಗಿದ್ದಳು. ಒಂದೇ ಮಂಚದ ಮೇಲೆ ಇಬ್ಬರೂ ಬೇರೆ ಬೇರೆಯಾಗಿ ಒಂದೇ ವಿಷಯಕ್ಕೆ ಹೆದರಿದ್ದರು.

"ಏನೂ ಆಗಿರಲ್ಲ ಅಂತ ಹೇಳಬೇಡ," ಅಂದಳು.

"ಹೇಳಲ್ಲ. ನಂಗೂ ಗೊತ್ತಿಲ್ವಲ್ಲ." ಮಧು ಬಾಟಲಿಯನ್ನು ಕೆಳಗಿಟ್ಟು ಅವಳ ಕೈ ಹಿಡಿದ. ಅವನ ಅಂಗೈ ಒದ್ದೆಯಾಗಿತ್ತು. "ಒಳಗೆ ಹೋಗಿ ಒಟ್ಟಿಗೆ ಕೇಳಿಸ್ಕೊಳ್ಳೋಣ. ಏನು ಹೇಳಿದ್ರೂ ಇಬ್ರಿಗೂ ಒಟ್ಟಿಗೆ ಹೇಳಲಿ."

ಇಷ್ಟು ದಿನ ಅವಳಿಗೆ ಬೇಕಾಗಿದ್ದ ಮಾತು ಇದೇ. ಧೈರ್ಯ ಹೇಳುವವರು ಎಷ್ಟೋ ಜನ ಸಿಗುತ್ತಾರೆ. ಹೆದರಿಕೆಯಲ್ಲಿ ಪಾಲು ತಗೊಳ್ಳುವವರು ಸಿಗುವುದು ಕಷ್ಟ. ಎದೆಯ ಭಾರ ಇಳಿಯಲಿಲ್ಲ, ಆದರೆ ಹೊರೋಕೆ ಇನ್ನೊಬ್ಬನಿದ್ದಾನೆ ಅನ್ನಿಸಿತು.

"ಸಹನಾ!" ನರ್ಸ್ ಕರೆದರು.

ಎದ್ದು ನಿಂತಳು. ಇಬ್ಬರೂ ಬಾಗಿಲಿಗೆ ಬಂದಾಗ ನರ್ಸ್ ಕೈ ಅಡ್ಡ ಹಿಡಿದರು. "ಮೊದಲು ಇವರೊಬ್ಬರೇ ಬರಲಿ. ಆಮೇಲೆ ನಿಮ್ಮನ್ನ ಕರೀತೀವಿ ಸರ್."

ಮಧು ಒಂದು ಹೆಜ್ಜೆ ಹಿಂದೆ ಸರಿದ. ಜಗಳ ಮಾಡುವ ಸ್ವಭಾವ ಅವನದಲ್ಲ. ಸಹನಾಳದೂ ಅಲ್ಲ. ಹೋಟೆಲಿನಲ್ಲಿ ತಪ್ಪು ಬಿಲ್ ಕೊಟ್ಟರೂ ಸುಮ್ಮನೆ ಕೊಟ್ಟು ಬರುವವಳು. ಆದರೆ ಈಗ ಅವಳು ಬಾಗಿಲಲ್ಲೇ ನಿಂತಳು.

"ಮೇಡಂ, ಇವರೂ ಬರಲಿ. ಮೊದಲಿಂದಲೇ ಇರಬೇಕು."

ಒಳಗಿನಿಂದ ಡಾಕ್ಟರ್ ದನಿ ಬಂತು. "ಬರಲಿ ಬಿಡಿ. ಒಂದು ಸ್ಟೂಲ್ ಹಾಕಿ."

ಕೋಣೆ ಚಿಕ್ಕದು, ಬೆಳಕು ಕಡಿಮೆ. ಡಾಕ್ಟರಿಗೆ ಐವತ್ತರ ಆಸುಪಾಸು. ಕೊನೆಯ ಮುಟ್ಟಿನ ಮೊದಲ ದಿನ ಯಾವುದು ಅಂತ ಕೇಳಿ ಟೈಪ್ ಮಾಡಿಕೊಂಡರು. "ಆ ಲೆಕ್ಕಕ್ಕೆ ಇವತ್ತಿಗೆ ಒಂಬತ್ತು ವಾರ ಎರಡು ದಿನ ಆಗುತ್ತೆ," ಅಂದರು. ಹೊಟ್ಟೆಯ ಮೇಲೆ ಜೆಲ್ ಹಾಕಿದರು. ತಣ್ಣಗಿತ್ತು. ಪ್ರೋಬ್ ಒತ್ತಿದಾಗ ತುಂಬಿದ ಮೂತ್ರಕೋಶಕ್ಕೆ ಜೀವ ಹೋದ ಹಾಗಾಯಿತು. ಸಹನಾ ತುಟಿ ಕಚ್ಚಿಕೊಂಡಳು.

ಪರದೆ ಡಾಕ್ಟರ ಕಡೆ ತಿರುಗಿತ್ತು. ಇವರಿಗೆ ಅದರ ಬೆನ್ನು ಮಾತ್ರ ಕಾಣುತ್ತಿತ್ತು. ಡಾಕ್ಟರ್ ಮಾತಾಡಲಿಲ್ಲ. ಒಂದು ಕೈಯಲ್ಲಿ ಪ್ರೋಬ್ ಓರೆ ಮಾಡಿದರು, ಇನ್ನೊಂದು ಕೈಯಲ್ಲಿ ಕೀಲಿ ಒತ್ತಿದರು. ಮತ್ತೆ ಅಳೆದರು. ಹುಬ್ಬು ಸ್ವಲ್ಪ ಗಂಟಾಯಿತು.

"ದಿನದ ಲೆಕ್ಕಕ್ಕಿಂತ ಸ್ವಲ್ಪ ಚಿಕ್ಕದಾಗಿದೆ."

ಸಹನಾಳ ಕಿವಿಯಲ್ಲಿ ಏನೋ ಗುಂಯ್ ಅಂದಿತು. ಮಧುವಿನ ಬೆರಳು ಅವಳ ಬೆರಳನ್ನು ನೋಯುವಷ್ಟು ಬಿಗಿಯಾಗಿ ಹಿಡಿಯಿತು.

"ನಿಮ್ಮ ಮುಟ್ಟು ಎಷ್ಟು ದಿನಕ್ಕೊಮ್ಮೆ ಆಗ್ತಿತ್ತಮ್ಮ? ಇಪ್ಪತ್ತೆಂಟಕ್ಕೆ ಸರಿಯಾಗಿ ಆಗ್ತಿತ್ತಾ?"

"ಇಲ್ಲ ಮೇಡಂ... ಮೂವತ್ತೈದು. ಒಂದೊಂದ್ಸಲ ಮೂವತ್ತಾರು."

"ಹಾಗೆ ಹೇಳಿ ಮತ್ತೆ!" ಡಾಕ್ಟರ ಹುಬ್ಬು ಸಡಿಲವಾಯಿತು. "ಇಪ್ಪತ್ತೆಂಟು ದಿನ ಅಂತ ಇಟ್ಟುಕೊಂಡು ಲೆಕ್ಕ ಹಾಕ್ತೀವಿ. ನಿಮ್ಮದು ಉದ್ದ ಇದ್ರೆ ಅಂಡ ಬಿಡುಗಡೆ ಆಗೋದೂ ತಡ. ಗರ್ಭ ನಿಂತದ್ದೇ ಒಂದು ವಾರ ಆಮೇಲೆ. ಚಿಕ್ಕದಾಗಿ ಕಾಣೋದು ಸರಿಯಾಗೇ ಇದೆ. ನೋಡಿ."

ಪರದೆಯನ್ನು ಇವರ ಕಡೆ ತಿರುಗಿಸಿದರು.

ಮೊದಲು ಏನೂ ತಿಳಿಯಲಿಲ್ಲ. ಬೂದು ಬಣ್ಣ, ನಡುವೆ ಕಪ್ಪು ಜಾಗ. ಕಪ್ಪಿನಲ್ಲಿ ಬೆಳ್ಳಗೆ ಒಂದು ತುಣುಕು. ಎರಡು ತುದಿಗೂ ಚುಕ್ಕಿ ಇಟ್ಟು ಗೆರೆ ಎಳೆದಿತ್ತು. ಡಾಕ್ಟರ್ ಬೆರಳಿಟ್ಟು ತೋರಿಸಿದರು. "ಇದು ತಲೆ. ಇಲ್ಲಿ ಬೆನ್ನಿನ ಕೆಳಗಿನ ತುದಿ. ಇಲ್ಲಿಂದ ಇಲ್ಲಿಗೆ 17 ಮಿಲಿಮೀಟರ್. ಅಂದ್ರೆ ಎಂಟು ವಾರ ಒಂದು ದಿನ. ಈಗ ಇಲ್ಲಿ ನೋಡಿ, ಮಧ್ಯದಲ್ಲಿ."

ಮಧ್ಯದಲ್ಲಿ ಏನೋ ಮಿಡಿಯುತ್ತಿತ್ತು. ಎಷ್ಟು ಬೇಗ ಬೇಗ ಅಂದರೆ, ಎಣಿಸಲು ಹೋದರೆ ತಪ್ಪಿಹೋಗುತ್ತಿತ್ತು.

"ಅದೇ ಹೃದಯ. ನಿಮಿಷಕ್ಕೆ 168 ಸಲ ಬಡಿತಿದೆ. ಈ ವಾರಕ್ಕೆ ಚೆನ್ನಾಗಿದೆ."

"ಅಷ್ಟು ಜೋರಾ?" ಮಧು ಕೇಳಿದ. ದನಿ ಒಡೆದಿತ್ತು.

"ಇಷ್ಟೇ ಇರಬೇಕು. ನಿಮ್ಮದು ಎಪ್ಪತ್ತು ಎಂಬತ್ತು, ಅದರದ್ದು ಹೀಗೇ."

ಸಹನಾ ಮಾತಾಡಲಿಲ್ಲ. ಕಣ್ಣೀರು ಕಿವಿಯ ಕಡೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಇಷ್ಟು ವಾರ 'ಮಗು' ಅನ್ನೋಕೇ ಹೆದರಿ 'ರಿಪೋರ್ಟ್' 'ಪಾಸಿಟಿವ್' ಅಂತೆಲ್ಲ ಸುತ್ತಿ ಬಳಸಿ ಹೇಳುತ್ತಿದ್ದಳು. ಇಲ್ಲಿ ಅದು ಯಾರ ಅನುಮತಿಯನ್ನೂ ಕೇಳದೆ ತನ್ನ ಕೆಲಸ ಮಾಡಿಕೊಂಡಿತ್ತು. ಅವಳು ನಲ್ಲಿ ಬಿಟ್ಟು ನಿಂತಾಗಲೂ, ಮಧು ಬಾಗಿಲಾಚೆ ಉಸಿರು ಹಿಡಿದಿದ್ದಾಗಲೂ.

"ಮೇಡಂ, ಮೊನ್ನೆಯಿಂದ ವಾಕರಿಕೆ ನಿಂತುಹೋಗಿದೆ," ಅಂದಳು, ಕೊನೆಗೂ.

"ಒಂದಿನ ಇರುತ್ತೆ, ಒಂದಿನ ಇರಲ್ಲ. ಕೆಲವರಿಗೆ ಬರೋದೇ ಇಲ್ಲ. ಬರೀ ಅದನ್ನ ನೋಡಿ ಏನೂ ತೀರ್ಮಾನ ಮಾಡಬೇಡಿ. ರಕ್ತಸ್ರಾವ, ಜೋರು ಹೊಟ್ಟೆನೋವು ಅಂತ ಏನಾದ್ರೂ ಆದ್ರೆ ಮಾತ್ರ ತಕ್ಷಣ ಬನ್ನಿ. ಮುಂದಿನ ಸ್ಕ್ಯಾನ್ ಹನ್ನೊಂದರಿಂದ ಹದಿನಾಲ್ಕು ವಾರದೊಳಗೆ. ಹೆರಿಗೆ ದಿನ ಎಂಟು ದಿನ ಮುಂದಕ್ಕೆ ಹೋಗುತ್ತೆ, ರಿಪೋರ್ಟಲ್ಲಿ ಬರೀತೀನಿ." ಟಿಶ್ಯೂ ಪೇಪರ್ ಕೈಗಿಟ್ಟರು. "ಟಾಯ್ಲೆಟ್ ಎಡಗಡೆ ಇದೆ. ಓಡಿ ಈಗ."

ಸಹನಾ ನಿಜಕ್ಕೂ ಓಡಿದಳು.

ವಾಪಸ್ ಬಂದಾಗ ಮಧು ಕೌಂಟರಿನಲ್ಲಿ ಮುಂದಿನ ತಾರೀಖು ಬರೆಸುತ್ತಿದ್ದ. ಕೈಯಲ್ಲಿ ಸ್ಕ್ಯಾನಿನ ಚಿತ್ರ. ಫೈಲಿಗೆ ಹಾಕದೆ ಹಾಗೇ ಹಿಡಿದಿದ್ದ. ಇಷ್ಟು ಅಚ್ಚುಕಟ್ಟಿನ ಮನುಷ್ಯ ಫೈಲನ್ನು ಕುರ್ಚಿಯ ಮೇಲೇ ಬಿಟ್ಟು ಬಂದಿದ್ದ. ಸಹನಾ ಹೋಗಿ ತಗೊಂಡು ಬಂದಳು.

"ಅಮ್ಮಂಗೆ ಮೊದಲು ಫೋನ್ ಮಾಡೋಣ್ವಾ, ಅತ್ತೆಗೆ ಮಾಡೋಣ್ವಾ?" ಅವನು ಕೇಳಿದ.

"ಇಬ್ರಿಗೂ ಸಂಜೆ. ಈಗ ಸ್ವಲ್ಪ ಹೊತ್ತು ನಮ್ಮಿಬ್ರಿಗೇ ಇರಲಿ."

"ಸರಿ." ಲಿಫ್ಟಿಗೆ ಕಾಯುತ್ತಾ ಅವನು ಮತ್ತೆ ಚಿತ್ರ ನೋಡಿದ. "ಸಹನಾ, ಮುಂದಿನ ಸ್ಕ್ಯಾನಿಗೂ ನಂಗೆ ಭಯ ಆಗುತ್ತೆ ಕಣೇ. ಈಗಲೇ ಹೇಳ್ಬಿಡ್ತೀನಿ."

"ನಂಗೂ ಆಗುತ್ತೆ," ಅಂದಳು. "ಆದ್ರೆ ರಾತ್ರಿ ಒಬ್ಬನೇ ಎದ್ದು ಕೂರಬೇಡ. ನನ್ನನ್ನೂ ಎಬ್ಬಿಸು."