ಮೂರು ದಿನಗಳ ಅಮಾನತು ಮತ್ತು ಶಾಲೆಗೆ ಮರಳುವ ಕ್ರಮದ ಕುರಿತು ಪೋಷಕರಿಗೆ ಪತ್ರ

ಮುಖ್ಯೋಪಾಧ್ಯಾಯಿನಿಯವರ ಕಚೇರಿ
ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆ, ಉಡುಪಿ
ದಿನಾಂಕ: 19 ನವೆಂಬರ್ 2025, ಬುಧವಾರ

ಇವರಿಗೆ,
ಒಂಬತ್ತನೇ ತರಗತಿ ‘ಬಿ’ ವಿಭಾಗದ ವಿದ್ಯಾರ್ಥಿ ಸುಹಾಸನ ತಾಯಿ ಮತ್ತು ತಂದೆಯವರಿಗೆ

ಮಾನ್ಯರೇ,

ವಿಷಯ: ತಮ್ಮ ಮಗನನ್ನು 20ರಿಂದ 22 ನವೆಂಬರ್ 2025ರ ವರೆಗೆ ತರಗತಿಗಳಿಂದ ಅಮಾನತಿನಲ್ಲಿ ಇರಿಸಿರುವ ಬಗ್ಗೆ.

ತಮ್ಮ ಮಗ ಸುಹಾಸನನ್ನು ಗುರುವಾರ, ಶುಕ್ರವಾರ ಮತ್ತು ಶನಿವಾರ, ಅಂದರೆ ಮೂರು ಶಾಲಾ ದಿನಗಳ ಮಟ್ಟಿಗೆ ತರಗತಿಗಳಿಂದ ಅಮಾನತಿನಲ್ಲಿ ಇರಿಸಲು ಶಾಲೆಯು ತೀರ್ಮಾನಿಸಿದೆ ಎಂಬುದನ್ನು ಈ ಪತ್ರದ ಮೂಲಕ ತಿಳಿಸುತ್ತಿದ್ದೇನೆ. ಅವನು 24 ನವೆಂಬರ್ ಸೋಮವಾರ ಬೆಳಿಗ್ಗೆ ಶಾಲೆಗೆ ಮರಳುತ್ತಾನೆ. ಅವನನ್ನು ಶಾಲೆಯಿಂದ ತೆಗೆದುಹಾಕಿಲ್ಲ, ಹಾಗೆ ಮಾಡುವ ಯೋಚನೆಯೂ ಶಾಲೆಗಿಲ್ಲ. ಇಂದು ಬೆಳಿಗ್ಗೆ ಅವನ ತಾಯಿಯವರು ಕಚೇರಿಗೆ ಬಂದಿದ್ದಾಗ ಈ ವಿಚಾರವನ್ನು ಬಾಯಿಮಾತಿನಲ್ಲಿ ಹೇಳಿದ್ದೇನೆ. ಆದರೂ ನಡೆದದ್ದೇನು, ತೀರ್ಮಾನಕ್ಕೆ ಕಾರಣವೇನು, ಮುಂದೇನು ಎಂಬುದು ಬರಹದಲ್ಲಿ ತಮ್ಮಿಬ್ಬರ ಕೈಯಲ್ಲೂ ಇರಬೇಕೆಂಬ ಉದ್ದೇಶದಿಂದ, ಅದರಲ್ಲೂ ತಂದೆಯವರು ಈಗ ಬೋಟಿನಲ್ಲಿ ಕಡಲಿಗೆ ಹೋಗಿರುವುದರಿಂದ, ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಮಂಗಳವಾರ, 18 ನವೆಂಬರ್, ಮಧ್ಯಾಹ್ನ ಸುಮಾರು 1.25ಕ್ಕೆ, ಬಿಸಿಯೂಟ ಮುಗಿದು ಮಕ್ಕಳು ತಟ್ಟೆ ತೊಳೆಯುತ್ತಿದ್ದ ಹೊತ್ತಿನಲ್ಲಿ, ಅಡುಗೆ ಕೋಣೆಯ ಹಿಂಬದಿಯ ನಳ್ಳಿಗಳ ಬಳಿ ಸುಹಾಸನಿಗೂ ಎಂಟನೇ ತರಗತಿಯ ಒಬ್ಬ ವಿದ್ಯಾರ್ಥಿಗೂ ಮಾತಿಗೆ ಮಾತು ಬೆಳೆಯಿತು. ಸುಹಾಸನು ಕೈಯಲ್ಲಿದ್ದ ಸ್ಟೀಲ್ ತಟ್ಟೆಯಿಂದ ಆ ಹುಡುಗನ ಮುಖಕ್ಕೆ ಹೊಡೆದು, ನಂತರ ಅವನನ್ನು ದೂಡಿದನು. ತಟ್ಟೆಯ ಅಂಚು ತಾಗಿ ಆ ಹುಡುಗನ ಎಡ ಹುಬ್ಬಿನ ಮೇಲೆ ಗಾಯವಾಯಿತು. ದೈಹಿಕ ಶಿಕ್ಷಕರು ಕೂಡಲೇ ಅವನನ್ನು ರಿಕ್ಷಾದಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಮೂರು ಹೊಲಿಗೆ ಹಾಕಲಾಯಿತು. ಕಣ್ಣಿಗೆ ಏನೂ ಆಗಿಲ್ಲವೆಂದು ವೈದ್ಯರು ತಿಳಿಸಿದ್ದಾರೆ, ಮತ್ತು ಅಂದು ಸಂಜೆಯೇ ಅವನು ಮನೆಗೆ ಮರಳಿದ್ದಾನೆ.

ಜಗಳದ ಆರಂಭವನ್ನು ಯಾವ ಶಿಕ್ಷಕರೂ ನೋಡಿಲ್ಲ. ಬೊಬ್ಬೆ ಕೇಳಿ ವಿಜ್ಞಾನ ಶಿಕ್ಷಕಿಯವರು ಹೊರಗೆ ಬಂದಾಗ ದೂಡಿದ್ದನ್ನು ಮಾತ್ರ ಕಂಡಿದ್ದಾರೆ. ಆದ್ದರಿಂದ ಅಲ್ಲಿದ್ದ ಐವರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸಲಾಯಿತು. ಐವರೂ ತಟ್ಟೆಯಿಂದ ಹೊಡೆದದ್ದನ್ನು ಹೇಳಿದ್ದಾರೆ. ಇಬ್ಬರು ಎರಡು ಸಲ ಹೊಡೆದನೆಂದೂ, ಮೂವರು ಒಂದೇ ಸಲವೆಂದೂ ಹೇಳಿದ್ದಾರೆ. ಸುಹಾಸನು ತಾಯಿಯವರ ಎದುರಿನಲ್ಲಿ, ಒಂದು ಸಲ ಹೊಡೆದದ್ದು ಹೌದು, ದೂಡಿದ್ದೂ ಹೌದು ಎಂದು ಒಪ್ಪಿಕೊಂಡಿದ್ದಾನೆ. ಎರಡನೆಯ ಹೊಡೆತದ ಮಾತು ಖಚಿತವಾಗದ ಕಾರಣ ಅದನ್ನು ಶಾಲೆಯು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಅವನು ಹೇಳಿದ ಇನ್ನೊಂದು ಸಂಗತಿಯನ್ನೂ ಇಲ್ಲಿ ದಾಖಲಿಸಬೇಕು. ಡಿಸೆಂಬರ್‌ನಲ್ಲಿ ನಡೆಯುವ ಶಾಲಾ ವಾರ್ಷಿಕೋತ್ಸವದ ಯಕ್ಷಗಾನದಲ್ಲಿ ಸುಹಾಸನಿಗೆ ಅಭಿಮನ್ಯುವಿನ ಪಾತ್ರವಿದೆ. ಅಭ್ಯಾಸದ ವೇಳೆ ಮಾತಿನ ಭಾಗದಲ್ಲಿ ಅವನಿಗೆ ಉಗ್ಗು ಬಂದುದನ್ನು ಆ ವಿದ್ಯಾರ್ಥಿ ಕೆಲವು ದಿನಗಳಿಂದ ಅಣಕಿಸುತ್ತಿದ್ದನೆಂದೂ, ಮಂಗಳವಾರ ಊಟದ ಸಾಲಿನಲ್ಲಿ ಎಲ್ಲರೆದುರು ಅದೇ ರೀತಿ ಮಾತನಾಡಿ ತೋರಿಸಿದನೆಂದೂ ಅವನು ತಿಳಿಸಿದ್ದಾನೆ. ವಿಚಾರಿಸಿದ ಮಕ್ಕಳಲ್ಲಿ ನಾಲ್ವರು ಇದು ನಿಜವೆಂದಿದ್ದಾರೆ, ಶಾಲೆಯೂ ಇದನ್ನು ನಂಬಿದೆ. ಸುಹಾಸನು ಈ ವಿಷಯವನ್ನು ಹಿಂದೆ ಯಾವ ಶಿಕ್ಷಕರಲ್ಲಿಯೂ ಹೇಳಿರಲಿಲ್ಲ. ಮಾತನಾಡಲು ಕಷ್ಟಪಡುವ ಮಗುವಿಗೆ ದೂರು ಹೇಳುವುದೂ ಕಷ್ಟವೇ ಎಂಬುದನ್ನು ನಾನು ಬಲ್ಲೆ. ಅಣಕಿಸಿದ ವಿಚಾರವನ್ನು ಪ್ರತ್ಯೇಕವಾಗಿ ತೆಗೆದುಕೊಂಡು ಆ ವಿದ್ಯಾರ್ಥಿಯ ಪೋಷಕರೊಡನೆ ಮಾತನಾಡಲಾಗಿದೆ. ಅವನ ಮೇಲೆ ಕೈಗೊಂಡ ಕ್ರಮದ ವಿವರವನ್ನು ತಮಗೆ ತಿಳಿಸಲು ಸಾಧ್ಯವಿಲ್ಲ. ಸುಹಾಸನ ವಿವರಗಳನ್ನು ಅವರಿಗೆ ತಿಳಿಸದಿರುವುದೂ ಅದೇ ಕಾರಣದಿಂದ ಎಂಬುದನ್ನು ತಾವು ಅರ್ಥಮಾಡಿಕೊಳ್ಳುವಿರೆಂದು ನಂಬಿದ್ದೇನೆ.

ಹೀಗಿದ್ದೂ ಅಮಾನತು ಏಕೆ ಎಂದು ತಾಯಿಯವರು ಇಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಶಾಲಾ ನಿಯಮಾವಳಿಯ ಪ್ರಕಾರ, ಇನ್ನೊಬ್ಬ ವಿದ್ಯಾರ್ಥಿಗೆ ವೈದ್ಯರ ಚಿಕಿತ್ಸೆ ಬೇಕಾಗುವಂಥ ಗಾಯ ಮಾಡಿದಲ್ಲಿ ಐದು ದಿನಗಳ ವರೆಗೆ ಅಮಾನತು ಮಾಡಲು ಅವಕಾಶವಿದೆ. ಜೂನ್ ತಿಂಗಳಲ್ಲಿ ತಾವು ಸಹಿ ಮಾಡಿ ಕೊಟ್ಟ ದಿನಚರಿ ಪುಸ್ತಕದಲ್ಲಿ ಈ ನಿಯಮವಿದೆ. ಅಣಕಿಸಿದ್ದು ತಪ್ಪಾದರೂ, ತಟ್ಟೆಯ ಅಂಚು ಇನ್ನು ಒಂದಿಂಚು ಕೆಳಗೆ ತಾಗಿದ್ದರೆ ಕಣ್ಣಿಗೇ ಬೀಳುತ್ತಿತ್ತು, ಮತ್ತು ಆ ಹುಡುಗನು ಸುಹಾಸನಿಗಿಂತ ಚಿಕ್ಕವನು. ಇನ್ನೊಂದು ಕಡೆ, ಸುಹಾಸನ ಮೇಲೆ ಈ ಮೊದಲು ಇಂಥ ಯಾವ ದೂರೂ ಇಲ್ಲ, ಕೇಳಿದಾಗ ಅವನು ಸುಳ್ಳು ಹೇಳಲಿಲ್ಲ, ಮತ್ತು ಅವನನ್ನು ಕೆಣಕಲಾಗಿತ್ತು. ಈ ಮೂರನ್ನೂ ಪರಿಗಣಿಸಿ ಐದು ದಿನಗಳ ಬದಲು ಮೂರು ದಿನಗಳೆಂದು ನಿರ್ಧರಿಸಲಾಗಿದೆ. ತರಗತಿ ಶಿಕ್ಷಕರು ಮತ್ತು ಹಿರಿಯ ಶಿಕ್ಷಕರೊಬ್ಬರು ಈ ತೀರ್ಮಾನದಲ್ಲಿ ನನ್ನೊಡನೆ ಇದ್ದರು.

ಅಮಾನತಿನ ಮೂರು ದಿನಗಳಲ್ಲಿ ಸುಹಾಸನು ಶಾಲಾ ಆವರಣಕ್ಕೆ ಬರುವಂತಿಲ್ಲ. ಶನಿವಾರ ಮಧ್ಯಾಹ್ನದ ಯಕ್ಷಗಾನ ಅಭ್ಯಾಸಕ್ಕೂ ಇದು ಅನ್ವಯಿಸುತ್ತದೆ. ಆದರೆ ಅವನ ಪಾತ್ರವನ್ನು ಬೇರೆ ಯಾರಿಗೂ ಕೊಡುವುದಿಲ್ಲ. ಯಕ್ಷಗಾನ ಗುರುಗಳೊಡನೆ ಈ ಬಗ್ಗೆ ಮಾತನಾಡಿದ್ದೇನೆ. ಸುಹಾಸನ ಹೆಜ್ಜೆಗಳು ಚೆನ್ನಾಗಿ ಕುಳಿತಿವೆ, ಒಂದು ಶನಿವಾರ ತಪ್ಪಿದರೆ ತೊಂದರೆಯಾಗದು ಎಂದಿದ್ದಾರೆ. ಮಾತಿನ ಭಾಗವನ್ನು ಉಳಿದ ಮಕ್ಕಳಿಲ್ಲದ ವೇಳೆಯಲ್ಲಿ ಅವನಿಗೆ ಪ್ರತ್ಯೇಕವಾಗಿ ಹೇಳಿಕೊಡುವುದಾಗಿ ಅವರೇ ಮುಂದೆ ಬಂದು ತಿಳಿಸಿದ್ದಾರೆ. ಈ ಸಂಗತಿಯನ್ನು ದಯವಿಟ್ಟು ಇಂದೇ ಸುಹಾಸನಿಗೆ ಹೇಳಿರಿ. ಕಚೇರಿಯಿಂದ ಹೊರಡುವಾಗ ಅವನು ಕೇಳಿದ್ದು ಇದೊಂದನ್ನೇ.

ಪಾಠಗಳ ವಿಚಾರದಲ್ಲಿ ಅವನಿಗೆ ನಷ್ಟವಾಗದಂತೆ ನೋಡಿಕೊಳ್ಳುತ್ತೇವೆ. ಮೂರು ದಿನಗಳ ಪಾಠದ ಪುಟಸಂಖ್ಯೆಗಳನ್ನೂ ಲೆಕ್ಕಗಳನ್ನೂ ತರಗತಿ ಶಿಕ್ಷಕರು ಬರೆದಿರುವ ಹಾಳೆಯನ್ನು ಈ ಪತ್ರದೊಂದಿಗೆ ಲಗತ್ತಿಸಲಾಗಿದೆ. ಶುಕ್ರವಾರ ನಡೆಯಲಿರುವ ವಿಜ್ಞಾನದ ರೂಪಣಾತ್ಮಕ ಪರೀಕ್ಷೆಯನ್ನು ಅವನು 25 ನವೆಂಬರ್ ಮಂಗಳವಾರ ಬರೆಯಬಹುದು. ಅಂಕಗಳಲ್ಲಿ ಯಾವ ಕಡಿತವೂ ಇರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಈ ಮೂರು ದಿನಗಳು ಗೈರುಹಾಜರಿಯಾಗಿ ದಾಖಲಾಗುತ್ತವೆ, ಆದರೆ ಅವನ ಇದುವರೆಗಿನ ಹಾಜರಿ ಬಹಳ ಉತ್ತಮವಾಗಿರುವುದರಿಂದ ಇದರಿಂದ ಯಾವ ಅಡ್ಡಿಯೂ ಆಗದು. ಮೂರು ದಿನ ಅವನಿಗೆ ಬಿಸಿಯೂಟ ತಪ್ಪುತ್ತದೆ. ತಾಯಿಯವರಿಗೆ ಗೇರುಬೀಜ ಕಾರ್ಖಾನೆಯ ಕೆಲಸವಿರುವುದರಿಂದ ಅವನು ಅಜ್ಜಿಯ ಮನೆಯಲ್ಲಿರುತ್ತಾನೆಂದು ತಿಳಿಸಿದ್ದಾರೆ; ಅದು ಒಳ್ಳೆಯದು, ಏಕೆಂದರೆ ಇಡೀ ದಿನ ಅವನೊಬ್ಬನೇ ಮನೆಯಲ್ಲಿರುವುದು ಬೇಡವೆಂದು ನಮ್ಮ ಅಭಿಪ್ರಾಯ.

ಇನ್ನು ಮರಳುವ ಕ್ರಮ. ಸೋಮವಾರ ಬೆಳಿಗ್ಗೆ 8.45ಕ್ಕೆ, ಪ್ರಾರ್ಥನೆಗೆ ಮೊದಲು, ತಾವಿಬ್ಬರಲ್ಲಿ ಒಬ್ಬರು ಸುಹಾಸನೊಡನೆ ನನ್ನ ಕೋಣೆಗೆ ಬರಬೇಕೆಂದು ವಿನಂತಿ. ಆ ಹೊತ್ತು ತಾಯಿಯವರ ಕೆಲಸಕ್ಕೆ ಅನುಕೂಲವಾಗದಿದ್ದಲ್ಲಿ ಅಜ್ಜಿಯಾಗಲಿ ಮಾವನಾಗಲಿ ಬರಬಹುದು. ತಂದೆಯವರ ಬೋಟು ಅಷ್ಟರಲ್ಲಿ ಮಲ್ಪೆಗೆ ಬಾರದಿದ್ದರೆ ಅವರು ಬಂದ ನಂತರ ಯಾವುದೇ ದಿನ ಸಂಜೆ 4.30ಕ್ಕೆ ಬೇರೆಯಾಗಿ ಭೇಟಿಯಾಗಬಹುದು. ಯಾರೂ ಬರಲಾಗದಿದ್ದರೂ ಸುಹಾಸನನ್ನು ಗೇಟಿನಿಂದ ಹಿಂದಕ್ಕೆ ಕಳುಹಿಸುವುದಿಲ್ಲ. ಭೇಟಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚಾಗದು. ಸಿಟ್ಟು ಬಂದಾಗ ಅವನು ಏನು ಮಾಡಬೇಕು, ಯಾವ ಶಿಕ್ಷಕರ ಬಳಿ ಹೋಗಬೇಕು ಎಂಬುದನ್ನು ಅವನೇ ಆರಿಸಿ ಹೇಳಲಿ. ಅದನ್ನು ಒಂದು ಹಾಳೆಯಲ್ಲಿ ಬರೆದು ಅವನೂ ತಾವೂ ನಾನೂ ಸಹಿ ಮಾಡೋಣ. ಬಾಯಿಯಲ್ಲಿ ಹೇಳುವುದು ಕಷ್ಟವಾದರೆ ಅವನು ಮನೆಯಿಂದಲೇ ಬರೆದು ತರಬಹುದು. ನಂತರ ಅವನು ನೇರವಾಗಿ ತರಗತಿಗೆ ಹೋಗುತ್ತಾನೆ.

ಎಲ್ಲರೆದುರು ಕ್ಷಮೆ ಕೇಳಿಸುವ ಕ್ರಮ ನಮ್ಮಲ್ಲಿಲ್ಲ. ಇಬ್ಬರೂ ಮಕ್ಕಳು ಒಪ್ಪಿದರೆ, ಅದೇ ವಾರದಲ್ಲಿ ನನ್ನ ಕೋಣೆಯಲ್ಲಿ ಇಬ್ಬರನ್ನೂ ಕೂರಿಸಿ ಮಾತನಾಡಿಸುತ್ತೇನೆ. ಹೊಡೆದದ್ದಕ್ಕೆ ಒಬ್ಬ, ಅಣಕಿಸಿದ್ದಕ್ಕೆ ಇನ್ನೊಬ್ಬ ಹೇಳಬೇಕಾದುದನ್ನು ಹೇಳಲಿ. ಒಪ್ಪದಿದ್ದರೆ ಬಲವಂತವಿಲ್ಲ. ಊಟದ ನಂತರ ನಳ್ಳಿಗಳ ಬಳಿ ಗುರುವಾರದಿಂದಲೇ ಒಬ್ಬ ಶಿಕ್ಷಕರು ಇರುತ್ತಾರೆ. ಉಗ್ಗಿನ ವಿಚಾರವಾಗಿ ವಾಕ್ ಚಿಕಿತ್ಸಕರನ್ನು ಕಾಣಲು ತಾವು ಬಯಸಿದರೆ ಅಗತ್ಯವಾದ ಪತ್ರವನ್ನು ಶಾಲೆಯಿಂದ ಕೊಡುತ್ತೇನೆ. ಇದು ಮರಳುವುದಕ್ಕೆ ಷರತ್ತಲ್ಲ.

ಈ ಅಮಾನತಿನ ವಿಷಯ ವರ್ಗಾವಣೆ ಪತ್ರದಲ್ಲಿ ಬರುವುದಿಲ್ಲ. ಪತ್ರದ ಪ್ರತಿ ಕಚೇರಿಯ ಕಡತದಲ್ಲಿರುತ್ತದೆ. ಈ ಶೈಕ್ಷಣಿಕ ವರ್ಷದಲ್ಲಿ ಮತ್ತೆ ಇಂಥದ್ದು ನಡೆದಲ್ಲಿ ಇದನ್ನು ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ ಎಂಬುದನ್ನೂ ಮುಚ್ಚಿಡದೆ ತಿಳಿಸುತ್ತಿದ್ದೇನೆ.

ತೀರ್ಮಾನ ಸರಿಯಲ್ಲವೆಂದು ತಮಗೆ ಅನ್ನಿಸಿದರೆ ಶಾಲೆಯ ಸಂಚಾಲಕರಿಗೆ ಬರಹದಲ್ಲಿ ತಿಳಿಸಬಹುದು. ಮನವಿಯನ್ನು ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಪಡೆದುಕೊಂಡರೆ ಸಾಕು. ಗುರುವಾರ ಮಧ್ಯಾಹ್ನದೊಳಗೆ ಬಂದರೆ ಅಂದೇ ಸಂಜೆ ಅವರು ತಮ್ಮನ್ನು ಕಾಣುವುದಾಗಿ ತಿಳಿಸಿದ್ದಾರೆ. ಅಲ್ಲಿಯೂ ಸಮಾಧಾನವಾಗದಿದ್ದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಯವರಿಗೆ ಬರೆಯುವ ದಾರಿ ಇದೆ. ಹೀಗೆ ಬರೆದುದರಿಂದ ಸುಹಾಸನ ಬಗೆಗಿನ ನಮ್ಮ ನಡವಳಿಕೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಆಗದು.

ಕೊನೆಯದಾಗಿ ಒಂದು ಕೋರಿಕೆ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಈ ಶಾಲೆಯಲ್ಲಿ ಹತ್ತನೇ ತರಗತಿಯ ವರೆಗೂ ಅದನ್ನೇ ಪಾಲಿಸುತ್ತೇವೆ. ಮನೆಯಲ್ಲಿಯೂ ಈ ಕಾರಣಕ್ಕಾಗಿ ಅವನಿಗೆ ಹೊಡೆಯುವುದು ಬೇಡವೆಂದು ತಮ್ಮಲ್ಲಿ ಕೇಳಿಕೊಳ್ಳುತ್ತೇನೆ. ತಂದೆಯವರು ಬಂದ ಮೇಲೆ ಏನಾಗುವುದೋ ಎಂಬ ಹೆದರಿಕೆ ಅವನ ಮುಖದಲ್ಲಿ ಇಂದು ಕಾಣುತ್ತಿತ್ತು. ಅವನಿಗೆ ಕೊಡಬೇಕಾದ ದಂಡನೆಯನ್ನು ಶಾಲೆ ಕೊಟ್ಟಾಗಿದೆ.

ಈ ಪತ್ರದಲ್ಲಿ ಯಾವುದಾದರೂ ವಿಷಯ ಸ್ಪಷ್ಟವಾಗದಿದ್ದರೆ ದಿನಚರಿ ಪುಸ್ತಕದ ಮೊದಲ ಪುಟದಲ್ಲಿರುವ ಕಚೇರಿಯ ದೂರವಾಣಿಗೆ ಕರೆ ಮಾಡಿರಿ; ಗುರುವಾರ ಮತ್ತು ಶುಕ್ರವಾರ ಮಧ್ಯಾಹ್ನ 2ರಿಂದ 3ರ ವರೆಗೆ ನಾನೇ ಮಾತನಾಡುತ್ತೇನೆ. ಪತ್ರದ ಎರಡನೆಯ ಪ್ರತಿಗೆ ಸಹಿ ಮಾಡಿ ಸೋಮವಾರ ಸುಹಾಸನ ಕೈಯಲ್ಲಿ ಕಳುಹಿಸಬೇಕು. ಆ ಸಹಿಯು ಪತ್ರ ತಲುಪಿದೆ ಎಂಬುದಕ್ಕೆ ಮಾತ್ರ. ತೀರ್ಮಾನವನ್ನು ತಾವು ಒಪ್ಪಿದ್ದೀರೆಂದು ಅದರ ಅರ್ಥವಲ್ಲ.

ಇತಿ ತಮ್ಮ ವಿಶ್ವಾಸಿ,

(ಸಹಿ)
ಮುಖ್ಯೋಪಾಧ್ಯಾಯಿನಿ

ಲಗತ್ತು: ಮೂರು ದಿನಗಳ ಪಾಠದ ಹಾಳೆ, ಸಹಿಗಾಗಿ ಪತ್ರದ ಎರಡನೆಯ ಪ್ರತಿ
ಪ್ರತಿ: ಶಾಲಾ ಸಂಚಾಲಕರಿಗೆ, ಒಂಬತ್ತನೇ ‘ಬಿ’ ತರಗತಿ ಶಿಕ್ಷಕರಿಗೆ